ಬಾಲವಿಲ್ಲದ ಯೆಸ್

ಲ್ಯಾಬಿನ ಗೋಡೆಗೆ ತೂಗುಹಾಕಿದ್ದ ಫೋನು ಬಡಿದುಕೊಂಡಾಗಲೆಲ್ಲ ಸೂಜಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಕೈ ತೊಳೆಯಬೇಕೆನಿಸುತ್ತಿತ್ತು, ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೋ ಇಲ್ಲವೋ ನೋಡಬೇಕೆನಿಸುತ್ತಿತ್ತು. ಏನೂ ಸಿಗದಿದ್ದರೆ ಒರೆಸಿಟ್ಟ ಗಾಜಿನ ಪಟ್ಟಿಗಳನ್ನೇ ಇನ್ನೊಮ್ಮೆ ಒರೆಸುತ್ತಿದ್ದಳು. ಅಷ್ಟರಲ್ಲಿ ಹಿರಿಯ ಟೆಕ್ನಿಷಿಯನ್ ಎದ್ದು ಹೋಗಿ ಫೋನು ಎತ್ತುತ್ತಿದ್ದರು. ಲ್ಯಾಬಿನವರೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಅಣ್ಣ ಇರುವವರೆಗೆ ಫೋನು ಅಣ್ಣನದು, ಸೂಜಿಯದು ಸೂಜಿ.

ಸೂಜಿ ಅವಳ ಹೆಸರಲ್ಲ. ಅವಳು ರಕ್ತ ತೆಗೆದರೆ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ವಾರ್ಡಿನವರು "ಆ ಸೂಜಿ ಹುಡುಗೀನೇ ಕಳಿಸಿ" ಎಂದು ಕೇಳಿ ಕೇಳಿ ಆ ಹೆಸರು ನಿಂತುಹೋಗಿತ್ತು. ಹತ್ತನೆಯ ತರಗತಿಯವರೆಗೆ ಅವಳು ಓದಿದ್ದು ಊರ ಭಾಷೆಯ ಶಾಲೆಯಲ್ಲಿ. ಆಮೇಲೆ ಲ್ಯಾಬ್ ಡಿಪ್ಲೊಮಾ. ಅಲ್ಲಿ ಪುಸ್ತಕಗಳೆಲ್ಲ ಇಂಗ್ಲಿಷಿನವು. ಓದಿದಳು, ಬರೆದಳು, ಒಳ್ಳೆಯ ಅಂಕ ತೆಗೆದು ಪಾಸೂ ಆದಳು. ಇಂಗ್ಲಿಷು ಅವಳ ಕಣ್ಣಿನಿಂದ ಒಳಗೆ ಹೋಗಿ ಕೈಯಿಂದ ಹೊರಗೆ ಬರುತ್ತಿತ್ತು. ಕಿವಿಗೂ ಬಾಯಿಗೂ ಅದರ ಪರಿಚಯವೇ ಇರಲಿಲ್ಲ.

ಆಸ್ಪತ್ರೆ ದೊಡ್ಡದು. ಡಾಕ್ಟರುಗಳು ನಾಲ್ಕು ದಿಕ್ಕಿನಿಂದ ಬಂದವರು, ಒಬ್ಬೊಬ್ಬರ ಮನೆಮಾತು ಒಂದೊಂದು. ಎಲ್ಲರಿಗೂ ಕೂಡಿಬರುವ ಮಾತು ಇಂಗ್ಲಿಷ್ ಒಂದೇ. ಎದುರಿಗೆ ನಿಂತರೆ ಕೈಸನ್ನೆ, ಮುಗುಳ್ನಗೆ, ರಿಪೋರ್ಟಿನ ಮೇಲೆ ಬೆರಳಿಡುವುದು, ಹೇಗೋ ನಡೆದುಹೋಗುತ್ತಿತ್ತು. ಫೋನಿನಲ್ಲಿ ಮಾತ್ರ ಬರೀ ದನಿ.

ಒಂದು ಬೆಳಗ್ಗೆ ಅಣ್ಣ ಮೇಲಿನ ಮಹಡಿಗೆ ಹೋಗಿದ್ದಾಗ ಫೋನು ಬಡಿಯಿತು. ನಿಲ್ಲಲಿ ಎಂದು ಕಾದಳು. ನಿಂತಿತು, ಮತ್ತೆ ಬಡಿಯಿತು. ಎತ್ತಿದಳು. ಆಪರೇಷನ್ ವಾರ್ಡಿನ ಡಾಕ್ಟರು. ಇವತ್ತು ಆಪರೇಷನ್ ಆಗಬೇಕಿರುವ ಮುದುಕರೊಬ್ಬರ ರಕ್ತದ ಅಂಶ ನಿನ್ನೆಗಿಂತ ತೀರಾ ಕಡಿಮೆ ಬಂದಿದೆಯಲ್ಲ, ಅದೇ ಸ್ಯಾಂಪಲನ್ನು ನೀವು ಇನ್ನೊಮ್ಮೆ ನೋಡುತ್ತೀರೋ, ಇಲ್ಲ ನಾವು ಹೊಸದಾಗಿ ರಕ್ತ ಕಳಿಸಬೇಕೋ, ಎಂದು ಅವರು ಕೇಳಿದ್ದು. ಮಾತು ರೈಲಿನಂತೆ ಹಾದುಹೋಯಿತು. ಸೂಜಿಗೆ ಕೇಳಿಸಿದ್ದು ಅಲ್ಲೊಂದು ಇಲ್ಲೊಂದು ಡಬ್ಬಿ.

"ಯೆಸ್ ಡಾಕ್ಟರ್" ಎಂದಳು.

ಅವರು ಥ್ಯಾಂಕ್ಯೂ ಎಂದು ಇಟ್ಟರು. ಇವಳೂ ಇಟ್ಟು ಉಸಿರು ಬಿಟ್ಟಳು. ಲ್ಯಾಬಿನವರು ಮತ್ತೆ ನೋಡುತ್ತಿದ್ದಾರೆ ಎಂದು ಡಾಕ್ಟರು ಕಾದರು. ವಾರ್ಡಿನವರು ಏನೋ ಕಳಿಸುತ್ತಾರೆ ಎಂದು ಇವಳು ಕಾದಳು. ಮಧ್ಯಾಹ್ನದ ಹೊತ್ತಿಗೆ ವಿಷಯ ಬಯಲಾದಾಗ ಆಪರೇಷನ್ ಕೋಣೆ ಬೇರೆಯವರ ಪಾಲಾಗಿತ್ತು. ಮುದುಕರ ಸರದಿ ಮಾರನೆಯ ದಿನಕ್ಕೆ ಹೋಯಿತು. ಹೊಸ ಸ್ಯಾಂಪಲ್ ತೆಗೆಯಲು ಸೂಜಿಯೇ ಹೋದಳು. ಮುದುಕರು ತೋಳು ಚಾಚಿ, "ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಕಣಮ್ಮ. ಈಗ ಊಟ ಮಾಡು, ನಾಳೆಗೆ ಮತ್ತೆ ಉಪವಾಸ ಅಂತಾರೆ. ಯಾಕಂತೆ, ನಿಂಗೇನಾದ್ರೂ ಗೊತ್ತಾ?" ಎಂದರು. ಗೊತ್ತಿತ್ತು. ಅವಳು ಬಗ್ಗಿ ತೋಳಿಗೆ ಪಟ್ಟಿ ಕಟ್ಟಿದಳು.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಬೈಯುವ ಪೈಕಿಯಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆಂದರೆ ಬೈಗುಳಕ್ಕಿಂತ ಹೆಚ್ಚು. ಅವತ್ತು ತೆಗೆದಿಟ್ಟರು.

"ಎರಡರಲ್ಲಿ ಯಾವುದು ಅಂತ ಕೇಳಿದ್ರೆ ಯೆಸ್ ಅಂದ್ಯಂತೆ?"

"ಅರ್ಥ ಆಗ್ಲಿಲ್ಲ ಮೇಡಂ."

"ಅದನ್ನ ಅವರಿಗೆ ಹೇಳಬೇಕಿತ್ತು, ನನಗಲ್ಲ."

ಸೂಜಿ ನೆಲ ನೋಡಿದಳು. ಅರ್ಥವಾಗಲಿಲ್ಲ ಎಂದು ದೊಡ್ಡವರ ಮುಖಕ್ಕೆ ಹೇಳುವುದೇ? ಶಾಲೆಯಲ್ಲಿ ಮೇಷ್ಟ್ರು ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದರೆ ತರಗತಿಗೆ ತರಗತಿಯೇ ರಾಗ ಎಳೆದು "ಆಯ್ತೂ ಸಾರ್" ಎನ್ನುತ್ತಿತ್ತು. ಅದು ಉತ್ತರವಲ್ಲ, ಮರ್ಯಾದೆ. ಕೈಕಟ್ಟಿ ನಿಲ್ಲುವ ಹಾಗೆ, ಎದ್ದು ನಮಸ್ಕಾರ ಹೇಳುವ ಹಾಗೆ. ಆಗಲಿಲ್ಲ ಎಂದವನನ್ನು ಇಡೀ ತರಗತಿ ತಿರುಗಿ ನೋಡುತ್ತಿತ್ತು. ಆ ಮರ್ಯಾದೆಯನ್ನೇ ಅವಳು ಫೋನಿಗೂ ಕೊಟ್ಟಿದ್ದಳು.

ಮೇಡಂ ಕನ್ನಡಕ ಹಾಕಿಕೊಂಡರು. "ನೋಡು, ನಿನ್ನ ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಎಮರ್ಜೆನ್ಸಿ ಲ್ಯಾಬಲ್ಲಿ ಒಂದು ಕಾಯಂ ಜಾಗ ಇದೆ, ನಿನ್ನನ್ನೇ ಹಾಕಬೇಕು ಅಂತ ಇದ್ದೆ. ಆದ್ರೆ ಅಲ್ಲಿ ಒಬ್ಬರೇ ಇರ್ತಾರೆ. ಜೀವಕ್ಕೆ ಅಪಾಯ ಇರೋ ರಿಪೋರ್ಟ್ ಬಂದ್ರೆ ಆ ಕ್ಷಣ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು, ಅವರ ಬಾಯಿಂದ ಅದನ್ನ ತಿರುಗಿ ಹೇಳಿಸಬೇಕು, ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಿನ್ನ ತಾತ್ಕಾಲಿಕ ಅವಧಿ ಮುಂದಿನ ತಿಂಗಳ ಕೊನೆಗೆ ಮುಗಿಯತ್ತೆ. ಅದಕ್ಕೆ ಮುಂಚೆ ಒಂದು ವಾರ ಅಲ್ಲಿ ಕೂರಿಸಿ ನೋಡ್ತೀನಿ. ಫೋನ್ ನಿಭಾಯಿಸಿದ್ರೆ ಜಾಗ ನಿಂದು. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಮನೆಗೆ ಹೋದಾಗ ಭಾವ ಚಪ್ಪಲಿ ಬಿಡುತ್ತಿದ್ದ. ಶಾಲಾ ವ್ಯಾನು ಓಡಿಸುವವನು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಮನೆಯಲ್ಲಿ ತಾನೇ ಗಲಾಟೆ ಮಾಡುತ್ತಿದ್ದ. ಸೂಜಿ ಅಕ್ಕನ ಮನೆಯಲ್ಲಿರುವುದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಎಲ್ಲ.

"ಅಷ್ಟಕ್ಕೆ ಯಾಕೆ ಮುಖ ಊದಿಸ್ಕೊಂಡಿದೀಯ?" ಎಂದ ಭಾವ, ವಿಷಯ ಕೇಳಿ. "ನಮ್ಮ ಬೀದಿ ಕೊನೇಲಿ ರಕ್ತ ತಗೊಳ್ಳೋ ಅಂಗಡಿ ಇದೆಯಲ್ಲ, ಅವನು ನಂಗೆ ಗುರುತು. ನಾಳೆನೇ ಬಾ ಅಂತಾನೆ. ಫೋನೂ ಇಲ್ಲ, ಇಂಗ್ಲಿಷೂ ಇಲ್ಲ. ಚುಚ್ಚು, ತುಂಬು, ಡಬ್ಬಿಗೆ ಹಾಕು, ಕಳಿಸು."

"ಟೆಸ್ಟು?"

"ಟೆಸ್ಟು ಬೇರೆ ಕಡೆ ಆಗತ್ತೆ. ನಿಂಗ್ಯಾಕೆ ಆ ಉಸಾಬರಿ?"

ಸೂಜಿಗೆ ಉಸಾಬರಿಯೇ ಬೇಕಿತ್ತು. ರಕ್ತ ತೆಗೆಯುವುದು ಅವಳಿಗೆ ಬಾಗಿಲು ತೆರೆದಂತೆ, ಮನೆ ಇರುವುದು ಅದರಾಚೆಗೆ. ಮಶೀನು ಕೊಟ್ಟ ಅಂಕಿ ಸರಿಯೋ ಇಲ್ಲವೋ ಎಂದು ಅನುಮಾನ ಪಡುವುದು, ಇನ್ನೊಮ್ಮೆ ಹಾಕಿ ನೋಡುವುದು, ಹೀಗಿದ್ದರೆ ಹೀಗಿರಬೇಕು ಎಂದು ಊಹಿಸುವುದು, ಅದಕ್ಕಾಗಿಯೇ ಅವಳು ಓದಿದ್ದು. ಮಾತು ಬಾರದು ಎನ್ನುವ ಒಂದೇ ಕಾರಣಕ್ಕೆ ಬಾಗಿಲ ಹೊರಗೆ ನಿಲ್ಲಲು ಅವಳು ಸಿದ್ಧಳಿರಲಿಲ್ಲ.

"ಭಾವ, ಆ ಅಂಗಡಿಯವನಿಗೆ ಏನೂ ಹೇಳಬೇಡಿ" ಎಂದಳು. "ನಾನು ಕಲೀತೀನಿ."

"ಒಂದು ತಿಂಗಳಲ್ಲಿ?"

"ಒಂದು ತಿಂಗಳು ಪೂರ್ತಿ ಇದೆಯಲ್ಲ" ಎಂದಳು ಅಕ್ಕ ಒಲೆಯ ಕಡೆಯಿಂದ. "ನೀವು ವ್ಯಾನ್ ಕಲಿಯೋಕೆ ಅದಕ್ಕಿಂತ ಜಾಸ್ತಿ ತಗೊಂಡ್ರಿ. ಎರಡು ಗೇಟು ಬೀಳಿಸಿ."

ಕಲಿಸುವವರನ್ನು ತೋರಿಸಿದ್ದು ಅಣ್ಣ. ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು ಒಬ್ಬ ಅಜ್ಜಿ ಮಾತು ಕಲಿಸುತ್ತಾರೆ ಎಂದರು. ವಯಸ್ಸಿದ್ದಾಗ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಆಗಿದ್ದವರು. ಜನ ಕರೆಯುವುದು ಟೆಲಿಫೋನ್ ಅಜ್ಜಿ ಎಂದು.

ಅಜ್ಜಿಯ ಕೋಣೆಯಲ್ಲಿ ಹಲಗೆ ಇರಲಿಲ್ಲ, ಸೀಮೆಸುಣ್ಣ ಇರಲಿಲ್ಲ. ನಡುವೆ ಒಂದು ಮರದ ತಡಿಕೆ, ಅದರ ಎರಡೂ ಬದಿಗೆ ಒಂದೊಂದು ಮೇಜು, ಮೇಜಿನ ಮೇಲೆ ಒಂದೊಂದು ಹಳೆಯ ಕಪ್ಪು ಫೋನು. ಎರಡಕ್ಕೂ ನಡುವೆ ತಂತಿ ಎಳೆದಿದ್ದರು. ಸೂಜಿ ಚೀಲದಿಂದ ಪೆನ್ನು ತೆಗೆದದ್ದೇ ತಡ, ಅಜ್ಜಿ, "ಅದನ್ನ ಒಳಗಿಡು ತಾಯಿ" ಎಂದರು. "ಬರೆಯೋಕೆ ನಿಂಗೆ ಬರತ್ತೆ. ಬರೋ ಕೆಲಸಾನೇ ಮಾಡ್ತಾ ಕೂತ್ರೆ ಬಾರದಿರೋದು ಯಾವಾಗ ಬರೋದು?"

ಗ್ರಾಮರ್ ಯಾವಾಗ ಎಂದು ಸೂಜಿ ಕೇಳಿದಳು.

"ಅದು ಹಿಂದಿನಿಂದ ಬರತ್ತೆ, ಓಡೋದೇನೂ ಬೇಡ. ಮೊದಲು ಫೋನ್ ಎತ್ತು."

ತಡಿಕೆಯ ಆಚೆ ಇದ್ದವನು ಕಬ್ಬಿಣ ಕಡೆಯುವ ಲೇತ್ ಮಶೀನಿನ ಕೋರ್ಸು ಮುಗಿಸಿದ ಯುವಕ. ಅವನನ್ನು ಎಲ್ಲರೂ ಲೇತ್ ಎಂದೇ ಕರೆಯುತ್ತಿದ್ದರು. ಕಂಪನಿಯ ಇಂಟರ್‌ವ್ಯೂನಲ್ಲಿ ನಿನ್ನ ಬಗ್ಗೆ ಹೇಳು ಎಂದರೆ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ್ದನಂತೆ. ನಡುವೆ ಅವರು ಏನೋ ಪ್ರಶ್ನೆ ಹಾಕಿದಾಗ ತಪ್ಪಿಹೋಗಿ ಮತ್ತೆ ಅಪ್ಪನ ಹೆಸರಿನಿಂದ ಶುರು ಮಾಡಿದನಂತೆ. ಈಗ ಅವನ ಮುಂದೆ ಒಂದು ತಟ್ಟೆ, ಎರಡು ಲೋಟ, ಒಂದು ಚಮಚ, ಒಂದು ಬೀಗ ಯಾವುದೋ ಕ್ರಮದಲ್ಲಿದ್ದವು. ಸೂಜಿಯ ಮುಂದೆಯೂ ಅವೇ ಸಾಮಾನು. ಅವನು ಇಂಗ್ಲಿಷಿನಲ್ಲಿ ಹೇಳಬೇಕು, ಇವಳು ಹಾಗೆಯೇ ಜೋಡಿಸಬೇಕು.

ಲೇತ್ ಹೇಳುತ್ತಾ ಹೋದ. ಸೂಜಿ, "ಯೆಸ್, ಯೆಸ್, ಓಕೆ, ಯೆಸ್" ಎನ್ನುತ್ತಾ ಜೋಡಿಸುತ್ತಾ ಹೋದಳು. ತಲೆಯನ್ನೂ ಜೋರಾಗಿ ಅಲ್ಲಾಡಿಸುತ್ತಿದ್ದಳು. ಕೊನೆಗೆ ಅಜ್ಜಿ ತಡಿಕೆ ಸರಿಸಿದರು. ಅವನ ಬೀಗ ಲೋಟದ ಒಳಗಿತ್ತು. ಇವಳ ಲೋಟ ಬೀಗದ ಮೇಲೆ ಬೋರಲು ಬಿದ್ದಿತ್ತು, ಚಮಚ ತಟ್ಟೆಯ ಕೆಳಗೆ ಅಡಗಿತ್ತು.

"ನಾನು ಹೇಳಿದ್ದು ಇದಲ್ಲಪ್ಪಾ" ಎಂದ ಲೇತ್ ಗಾಬರಿಯಾಗಿ. "ಇವರು ಯೆಸ್ ಅಂದ್ರು. ನನ್ನ ಇಂಗ್ಲಿಷ್ ಅದ್ಭುತವಾಗಿದೆ ಅಂದ್ಕೊಂಡೆ."

ಅಜ್ಜಿ ನಗಲಿಲ್ಲ. "ನೀನು ಎಷ್ಟು ಯೆಸ್ ಅಂದೆ ಗೊತ್ತಾ?" ಎಂದು ಸೂಜಿಯನ್ನು ಕೇಳಿದರು. "ಒಂದಕ್ಕಾದ್ರೂ ಬಾಲ ಇತ್ತಾ?"

"ಬಾಲ ಅಂದ್ರೆ ಅಜ್ಜಿ?"

"ಯೆಸ್, ಬೀಗಾನ ಲೋಟದ ಒಳಗೆ ಹಾಕ್ತಿದೀನಿ. ಅದು ಬಾಲ. ಬಾಲ ಇದ್ರೆ ಆಚೆ ಕಡೆಯವನಿಗೆ ಗೊತ್ತಾಗತ್ತೆ, ಇವಳು ಹಿಡಿದಿದ್ದು ನಾನು ಕೊಟ್ಟಿದ್ದೇ ಅಂತ. ಬಾಲ ಬರ್ತಿಲ್ಲ ಅಂದ್ರೆ ನಿಂಗೆ ಅರ್ಥ ಆಗಿಲ್ಲ ಅಂತ. ಆಗ ಏನು ಮಾಡಬೇಕು?"

"ಇನ್ನೊಂದ್ಸಲ ಹೇಳಿ ಅಂತ..."

"ಕೇಳಬೇಕು. ಅದನ್ನ ಕೇಳೋಕೆ ನಾಲ್ಕು ಥರ ಕಲಿಸ್ತೀನಿ. ಈ ಕೋಣೇಲಿ ಬಾಲ ಇಲ್ಲದ ಯೆಸ್ ಅಂದವರು ಎದ್ದು ಹೋಗಿ ಎಲ್ಲರಿಗೂ ನೀರು ಕೊಡಬೇಕು."

ಆ ವಾರ ಎಲ್ಲರಿಗೂ ನೀರು ಕೊಟ್ಟದ್ದು ಸೂಜಿಯೇ. "ನಮ್ಮ ಕೋಣೇಲಿ ಯಾರಿಗೂ ದಾಹ ಅನ್ನೋದೇ ಇಲ್ಲ" ಎಂದು ಲೇತ್ ರೇಗಿಸಿದ. ಮುಂದಿನ ವಾರ ನೀರು ಇಬ್ಬರ ನಡುವೆ ಹಂಚಿಹೋಯಿತು. ಅಜ್ಜಿಗೆ ಅವಸರವೆಂಬುದಿರಲಿಲ್ಲ. ಒಂದೇ ಮಾತನ್ನು ಹತ್ತು ಸಲ ಹೇಳಿಸುವಾಗಲೂ ಮುಖ ಗಂಟಿಕ್ಕುತ್ತಿರಲಿಲ್ಲ. ಚೂರು ಚೂರು ಮಾಡಿ ಹೇಳಿ ಎನ್ನುತ್ತಿದ್ದರು. ಒಂದು ಉಸಿರಿಗೆ ಒಂದೇ ವಿಷಯ. ಮೊದಲು ನೀನು ಯಾರು, ಆಮೇಲೆ ರೋಗಿ ಯಾರು, ಆಮೇಲೆ ಅಂಕಿ, ಆಮೇಲೆ ನೀನು ಏನು ಮಾಡಿದೆ, ಏನು ಬೇಕು.

"ತಲೆಯೊಳಗೆ ನಮ್ಮ ಭಾಷೆನೇ ಓಡ್ತಿರತ್ತೆ ಅಜ್ಜಿ" ಎಂದಳು ಸೂಜಿ ಒಂದು ದಿನ, ತಪ್ಪೊಪ್ಪಿಸುವಂತೆ.

"ಓಡಲಿ ಬಿಡು. ಅದನ್ನ ಯಾಕೆ ಓಡಿಸ್ತೀಯ? ನಿಂಗೆ ಬುದ್ಧಿ ಕೊಟ್ಟಿದ್ದು ಅದು. ನಾನು ನಿನ್ನ ಮನೆಗೆ ಇನ್ನೊಂದು ಬಾಗಿಲು ಇಡ್ತಿದೀನಿ ಅಷ್ಟೇ, ಮನೆ ಕೆಡವ್ತಿಲ್ಲ."

ಮನೆಯಲ್ಲಿ ಅಭ್ಯಾಸಕ್ಕೆ ಜೊತೆ ಬೇಕಲ್ಲ. ಅಕ್ಕ ಇಂಗ್ಲಿಷಿನಲ್ಲಿ ಒಂದಕ್ಷರ ಅರಿಯದವಳು, ಆದರೂ ಡಾಕ್ಟರಾಗಲು ತಾನೇ ಮುಂದೆ ಬಂದಳು. ಸೌಟನ್ನು ಕಿವಿಗೆ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು, "ಗಸ್ ಫಸ್ ಟಸ್ ಪೊಟ್ಯಾಷಿಯಂ ಬುಸ್ ಬುಸ್!" ಎಂದು ಅಬ್ಬರಿಸುತ್ತಿದ್ದಳು. ಸೂಜಿ ಹೆದರದೆ, ನಿಧಾನವಾಗಿ, "ಸಾರಿ ಡಾಕ್ಟರ್, ಐ ಡಿಡ್ ನಾಟ್ ಫಾಲೋ. ಸ್ಲೋಲಿ ಪ್ಲೀಸ್" ಎನ್ನಬೇಕು. ಅಂದರೆ, ನನಗೆ ಅರ್ಥವಾಗಲಿಲ್ಲ, ನಿಧಾನವಾಗಿ ಹೇಳಿ. ಅಕ್ಕ ಇನ್ನೂ ಜೋರಾಗಿ ಬುಸ್ ಎನ್ನಬೇಕು. ಸೂಜಿ ಅದೇ ದನಿಯಲ್ಲಿ ಇನ್ನೊಮ್ಮೆ.

"ನಿಜವಾದ ಡಾಕ್ಟರು ಇಷ್ಟು ಕೆಟ್ಟದಾಗಿ ಬುಸುಗುಡಲ್ಲ ಕಣೇ" ಎಂದ ಭಾವ.

"ಇನ್ನೂ ಕೆಟ್ಟದಾಗಿ ಬುಸುಗುಟ್ರೆ? ಅದಕ್ಕೂ ರೆಡಿ ಇರಬೇಕಲ್ಲ" ಎಂದಳು ಅಕ್ಕ. ಭಾವ ಸ್ವಲ್ಪ ಹೊತ್ತು ನೋಡಿ, ತಾನೂ ಒಂದು ಲೋಟವನ್ನು ಕಿವಿಗೆ ಹಿಡಿದು ಕೂತ. ಅಂಗಡಿಯ ಮಾತು ಆಮೇಲೆ ಬರಲಿಲ್ಲ.

ಪರೀಕ್ಷೆಯ ವಾರ ಬಂತು. ಎಮರ್ಜೆನ್ಸಿ ಲ್ಯಾಬು ಚಿಕ್ಕ ಕೋಣೆ: ಎರಡು ಮಶೀನು, ರಕ್ತವನ್ನು ಗಿರಗಿರ ತಿರುಗಿಸಿ ತಿಳಿ ಬೇರೆ ಮಾಡುವ ಒಂದು ಸೆಂಟ್ರಿಫ್ಯೂಜು, ಒಂದು ಕುರ್ಚಿ, ಕುರ್ಚಿಯ ತೋಳಿಗೆ ಅಂಟಿದಂತೆ ಫೋನು. ಮೊದಮೊದಲು ಜೊತೆಗಿರಲಿ ಎಂದು ಮೇಡಂ ಅಣ್ಣನನ್ನು ಕಳಿಸಿದ್ದರು.

ಮೊದಲ ಕರೆ ಬಂತು. ಸೂಜಿ ಎತ್ತಿ ತಾನು ಯಾರೆಂದು ಹೇಳಿದಳು. ಆ ಕಡೆಯಿಂದ ಉದ್ದನೆಯ ಪ್ರಶ್ನೆ. ಅವಳು ಅಜ್ಜಿ ಕಲಿಸಿದ ಮಾತನ್ನು ನಾಲಿಗೆಗೆ ತಂದುಕೊಳ್ಳುತ್ತಿದ್ದಳು. ಒಂದು ಉಸಿರಿನ ಮೌನ, ಅಷ್ಟೇ. ಅಷ್ಟರಲ್ಲಿ ಅಣ್ಣ ಕೈ ಚಾಚಿ ರಿಸೀವರನ್ನು ಕಿತ್ತುಕೊಂಡರು. ಪಟಪಟನೆ ಉತ್ತರಿಸಿ ಇಟ್ಟು, "ಪರವಾಗಿಲ್ಲ ಬಿಡಮ್ಮ, ನಾನಿದೀನಲ್ಲ" ಎಂದರು. ಎರಡನೆಯ ಕರೆಗೂ ಹಾಗೆಯೇ ಆಯಿತು.

ಸೂಜಿಯ ಕಣ್ಣು ತುಂಬಿ ಬಂತು. ಅಣ್ಣನ ಮೇಲಿನ ಸಿಟ್ಟಿಗಲ್ಲ. ಆ 'ನಾನಿದೀನಲ್ಲ' ಎಷ್ಟು ಹಿತವಾಗಿದೆ, ಎಷ್ಟು ಸುಲಭವಾಗಿ ಅದರೊಳಗೆ ಮತ್ತೆ ಮುದುಡಿ ಮಲಗಿಬಿಡಬಹುದು ಎಂದು ಹೊಳೆದದ್ದಕ್ಕೆ. ಇಷ್ಟು ದಿನ ಅವಳನ್ನು ಬಾಯಿಲ್ಲದವಳನ್ನಾಗಿ ಇಟ್ಟದ್ದು ಆ ಅಕ್ಕರೆಯೂ ಹೌದು.

ಮೂರನೆಯ ಕರೆ ಬಂದಾಗ ಅಣ್ಣನ ಕೈ ಚಾಚಿತು. ಸೂಜಿ ರಿಸೀವರನ್ನು ಎದೆಗೆ ಒತ್ತಿ ಹಿಡಿದಳು.

"ಅಣ್ಣ, ದಯವಿಟ್ಟು. ಇದು ನಂದು."

"ತಡವರಿಸ್ತಿದೀಯಲ್ಲಮ್ಮ..."

"ತಡವರಿಸ್ಲಿ ಬಿಡಿ. ಅವರು ಕಾಯ್ತಾರೆ. ನಿಮಗೆ ಕಾಯೋಕಾಗಲ್ಲ ಅಷ್ಟೇ."

ಅಣ್ಣ ಬೆಪ್ಪಾಗಿ ನೋಡಿದರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದರು. ಸೂಜಿ ತಡವರಿಸಿದಳು. ಒಂದು ಮಾತನ್ನು ಎರಡು ಸಲ ಹೇಳಿಸಿದಳು, ಕ್ರಿಯಾಪದವೊಂದನ್ನು ಎಲ್ಲೋ ಬೀಳಿಸಿದಳು. ಆದರೂ ಕರೆ ಮುಗಿದಾಗ ಎರಡೂ ಕಡೆಯವರಿಗೆ ಯಾವ ಸ್ಯಾಂಪಲ್, ಯಾವಾಗ, ಯಾರು ತರುತ್ತಾರೆ ಎಂಬುದು ಗೊತ್ತಿತ್ತು. ಅಣ್ಣ ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಮಾರನೆಯ ದಿನ ಬರಲಿಲ್ಲ. ಬರಬೇಡಿ ಎಂದು ಅವಳೇ ಹೇಳಿಕಳಿಸಿದ್ದಳು.

ವಾರ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಹೆಂಗಸರ ವಾರ್ಡಿನಿಂದ ಬಂದ ಟ್ಯೂಬೊಂದನ್ನು ಸೂಜಿ ಮಶೀನಿಗೆ ಹಾಕಿದಳು. ಪರದೆಯ ಮೇಲೆ ಕೆಂಪಕ್ಷರ ಬಂತು. ಪೊಟ್ಯಾಷಿಯಂ ಏಳು ದಾಟಿದೆ. ಅಷ್ಟಿದ್ದರೆ ಹೃದಯದ ಲಯ ಯಾವಾಗ ಬೇಕಾದರೂ ತಪ್ಪಬಹುದು. ಸುಳ್ಳೂ ಇರಬಹುದು. ರಕ್ತ ತೆಗೆಯುವಾಗ ಕಣಗಳು ಒಡೆದರೆ ಒಳಗಿನ ಪೊಟ್ಯಾಷಿಯಂ ಸೋರಿ ಅಂಕಿ ಹುಸಿಯಾಗಿ ಏರುತ್ತದೆ. ಹಾಗಾದಾಗ ಮೇಲೆ ನಿಲ್ಲುವ ತಿಳಿ, ಅಂದರೆ ಸೀರಂ, ಕೆಂಪಾಗಿರುತ್ತದೆ. ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು. ತಿಳಿ ಹಳದಿ, ಕೆಂಪಿನ ಛಾಯೆಯೂ ಇಲ್ಲ. ಇನ್ನೊಮ್ಮೆ ಮಶೀನಿಗೆ ಹಾಕಿದಳು. ಅದೇ ಅಂಕಿ.

ಫೋನು ಎತ್ತಿದಳು. ವಾರ್ಡಿನ ನಂಬರು ಒತ್ತಿದಳು. ವಾರ್ಡಿನ ಡ್ಯೂಟಿ ಡಾಕ್ಟರು ಸಿಕ್ಕರು. ಹಿಂದೆ ಯಾರೋ ಅಳುತ್ತಿದ್ದರು, ಯಾವುದೋ ಗಾಲಿ ಗಡಗಡ ಎನ್ನುತ್ತಿತ್ತು. ಸೂಜಿ ತಾನು ಯಾರೆಂದಳು. ರೋಗಿಯ ಹೆಸರು, ನಂಬರು ಹೇಳಿದಳು. ಅಂಕಿ ಹೇಳಿದಳು. "ಪ್ಲೀಸ್ ರಿಪೀಟ್ ಇಟ್ ಬ್ಯಾಕ್, ಡಾಕ್ಟರ್" ಎಂದಳು.

ಡಾಕ್ಟರು ತಿರುಗಿ ಹೇಳಲಿಲ್ಲ. ಬದಲಿಗೆ ಸರಸರನೆ ಏನೋ ಕೇಳಿದರು. ಅದು ಯಾವ ಊರಿನ ಇಂಗ್ಲಿಷೋ, ಮಾತಿನ ತುದಿಗಳೆಲ್ಲ ನುಂಗಿಹೋಗಿದ್ದವು. ದನಿ ಮಾತ್ರ ಹೌದು ತಾನೇ ಎನ್ನುವಂತೆ ಏರಿ ನಿಂತಿತು. ಹೌದು ಎನ್ನಬೇಕು ಎಂದು ಆ ದನಿಯೇ ಕರೆಯುತ್ತಿತ್ತು. ಸೂಜಿಯ ತಲೆ ತಾನಾಗಿಯೇ ಆಡಿತು. ಬಾಯಲ್ಲಿ ಯೆಸ್ ಬಂದು ಕೂತಿತು. ಅದಕ್ಕೆ ಬಾಲ ಹುಡುಕಿದಳು. ಯೆಸ್, ಏನು? ಬಾಲ ಸಿಗಲಿಲ್ಲ.

"ಸಾರಿ ಡಾಕ್ಟರ್. ಐ ಡಿಡ್ ನಾಟ್ ಫಾಲೋ. ಸ್ಲೋಲಿ ಪ್ಲೀಸ್."

ಆ ಕಡೆ ಒಂದು ದೊಡ್ಡ ನಿಟ್ಟುಸಿರು. ಮತ್ತೆ ಅದೇ ವೇಗ. ಸೂಜಿ ಅದೇ ದನಿಯಲ್ಲಿ, ಅಕ್ಕನ ಸೌಟಿಗೆ ಹೇಳಿದಷ್ಟೇ ಸಮಾಧಾನದಲ್ಲಿ, ಇನ್ನೊಮ್ಮೆ ಹೇಳಿದಳು. ಈ ಸಲ ಡಾಕ್ಟರು ಮಾತನ್ನು ಮುರಿದು ಮುರಿದು ಇಟ್ಟರು. ಈ ರಕ್ತವನ್ನು ಡ್ರಿಪ್ ಹಾಕಿದ ಕೈಯಿಂದಲೇ ತೆಗೆದದ್ದಲ್ಲವೇ? ಹಾಗಿದ್ದರೆ ಈ ರಿಪೋರ್ಟ್ ನಂಬುವಂತಿಲ್ಲ, ಬಿಟ್ಟುಬಿಡಿ, ಸಂಜೆಯ ಸುತ್ತಿನಲ್ಲಿ ಬೇರೆ ಕಳಿಸುತ್ತೇನೆ.

ಇದಕ್ಕೆ ಯೆಸ್ ಎಂದಿದ್ದರೆ? ಡಾಕ್ಟರ ಅನುಮಾನದಲ್ಲಿ ತಪ್ಪಿರಲಿಲ್ಲ. ಡ್ರಿಪ್ಪಿನಲ್ಲಿ ಪೊಟ್ಯಾಷಿಯಂ ಇದ್ದರೆ, ಅದೇ ಕೈಯ ರಕ್ತದಲ್ಲಿ ಹೀಗೆ ಬರುವುದು ಉಂಟು. ಆದರೆ ಹಾಗೆ ಆಗಿದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನೇ ಹೇಳಬೇಕು.

ಅವಳು ಚೂರು ಚೂರಾಗಿ ಹೇಳಿದಳು. ರಕ್ತ ತೆಗೆದದ್ದು ನಾನಲ್ಲ. ಯಾವ ಕೈ ಎಂದು ನನಗೆ ಗೊತ್ತಿಲ್ಲ. ಸೀರಂ ತಿಳಿಯಾಗಿದೆ. ನಾನು ಎರಡು ಸಲ ನೋಡಿದೆ, ಎರಡು ಸಲವೂ ಅದೇ. ನರ್ಸ್ ನಿಮ್ಮ ಹತ್ತಿರ ಇದ್ದರೆ ಈಗಲೇ ಕೇಳುತ್ತೀರೋ, ಇಲ್ಲ ನಾನು ವಾರ್ಡಿಗೆ ಬೇರೆ ಫೋನ್ ಮಾಡಿ ಕೇಳಲೋ?

ಅವಳ ಇಂಗ್ಲಿಷಿನಲ್ಲಿ ಅದು ಕುಂಟುತ್ತಲೇ ಹೋಯಿತು. ಹೋಗಬೇಕಾದಲ್ಲಿಗೆ ಹೋಯಿತು. ಫೋನಿನಲ್ಲಿ ಗಳಿಗೆ ಹೊತ್ತು ವಾರ್ಡಿನ ಸದ್ದು ಮಾತ್ರ. ಡಾಕ್ಟರು ಯಾರನ್ನೋ ಕೂಗಿದ್ದು, ಯಾರೋ ಉತ್ತರಿಸಿದ್ದು. ಮತ್ತೆ ದನಿ ಹತ್ತಿರವಾದಾಗ ಅವಸರ ಇನ್ನೊಂದು ಬಗೆಯದಾಗಿತ್ತು. ರಕ್ತ ತೆಗೆದದ್ದು ಬೇರೆ ಕೈಯಿಂದಂತೆ, ಎಂದರು. ಈಗಲೇ ಇಸಿಜಿ ಮಾಡಿಸುತ್ತೇನೆ, ಜೊತೆಗೆ ಹೊಸ ಸ್ಯಾಂಪಲ್ ಕಳಿಸುತ್ತೇನೆ, ಬಂದ ಕೂಡಲೇ ನೋಡಿ.

"ಯೆಸ್ ಡಾಕ್ಟರ್, ಐ ವಿಲ್ ರನ್ ಇಟ್ ಫಸ್ಟ್" ಎಂದಳು ಸೂಜಿ. ಬಂದ ಕೂಡಲೇ ಮೊದಲು ಅದನ್ನೇ ಹಾಕುತ್ತೇನೆ. ಆಮೇಲೆ, ಅವರು ಇಡುವ ಮೊದಲು, "ಡಾಕ್ಟರ್, ನಂಬರ್ ಪ್ಲೀಸ್. ರಿಪೀಟ್ ಬ್ಯಾಕ್."

ಡಾಕ್ಟರು ರೋಗಿಯ ಹೆಸರನ್ನೂ ಅಂಕಿಯನ್ನೂ ಒಪ್ಪಿಸಿ ಇಟ್ಟರು.

ಹೊಸ ಸ್ಯಾಂಪಲ್ ಓಡೋಡಿ ಬಂತು. ಅಂಕಿ ಅಲ್ಲೇ ಇತ್ತು, ಕೂದಲೆಳೆಯಷ್ಟು ಮೇಲೆ. ಸೂಜಿ ಮತ್ತೆ ಫೋನು ಮಾಡಿದಳು. ಈ ಸಲ ಡಾಕ್ಟರು ತಾವಾಗಿಯೇ ತಿರುಗಿ ಹೇಳಿ, ಇಸಿಜಿಯಲ್ಲೂ ಕಾಣಿಸಿದೆ, ಔಷಧಿ ಶುರು ಮಾಡಿದ್ದೇವೆ ಎಂದರು. ಸಂಜೆಯ ಹೊತ್ತಿಗೆ ಅಂಕಿ ಇಳಿಯತೊಡಗಿತು. ಆ ಹೆಂಗಸು ಯಾರೋ ಸೂಜಿಗೆ ತಿಳಿಯದು, ಮುಖ ನೋಡಿದವಳೂ ಅಲ್ಲ. ಕೈ ತೊಳೆಯಲು ಹೋದವಳು ನಲ್ಲಿ ತೆರೆದುಕೊಂಡೇ ಬಹಳ ಹೊತ್ತು ನಿಂತಿದ್ದಳು.

ವಾರದ ಕೊನೆಯ ದಿನ ಮೇಡಂ ಕರೆಸಿದರು. ಕನ್ನಡಕ ಮುಖದ ಮೇಲೆಯೇ ಇತ್ತು.

"ನಿನ್ನ ಮೇಲೆ ದೂರು ಬಂದಿದೆ" ಎಂದರು.

ಸೂಜಿ ನೆಲ ನೋಡಲಿಲ್ಲ. "ಯಾರಿಂದ ಮೇಡಂ?"

"ಹೆಂಗಸರ ವಾರ್ಡ್ ಡ್ಯೂಟಿ ಡಾಕ್ಟರು. ನಿಮ್ಮ ಲ್ಯಾಬಲ್ಲಿ ಯಾರೋ ಒಬ್ಬಳು ನನ್ನ ಹತ್ರ ಮಗ್ಗಿ ಒಪ್ಪಿಸ್ಕೊಳ್ಳೋ ಹಾಗೆ ಅಂಕಿ ಒಪ್ಪಿಸ್ಕೊಂಡಳು, ನಾನು ನಿಧಾನವಾಗಿ ಮಾತಾಡೋವರೆಗೂ ಬಿಡಲಿಲ್ಲ, ಅಂದ್ರು. ಆಮೇಲೆ ಅವಳನ್ನ ಅಲ್ಲೇ ಇಡಿ ಅಂತಲೂ ಅಂದ್ರು." ಮೇಡಂ ಈಗ ನಕ್ಕರು. "ಇನ್ನೂ ತುಂಬಾ ಕಲಿಯೋದಿದೆ. ನಿನ್ನ ವಾಕ್ಯಗಳು ಅರ್ಧ ದಾರೀಲಿ ಇಳಿದು ಹೋಗ್ತವೆ ಅಂತ ಅಣ್ಣನೂ ಹೇಳಿದ."

"ಕಲೀತಿದೀನಿ ಮೇಡಂ. ಸಂಜೆ ಕ್ಲಾಸು ಬಿಡಲ್ಲ."

"ಸರಿ. ಎಮರ್ಜೆನ್ಸಿ ಜಾಗ ನಿಂದು. ಇನ್ನೊಂದು ವಿಷಯ ಇದೆ. ಯೋಚನೆ ಮಾಡು. ರಕ್ತನಿಧಿಯಲ್ಲಿ ರಕ್ತ ಹೊಂದಿಸೋ ಪರೀಕ್ಷೆಗೆ ಒಬ್ಬರನ್ನ ಹೊರಗಿನ ದೊಡ್ಡ ಕೇಂದ್ರಕ್ಕೆ ತರಬೇತಿಗೆ ಕಳಿಸ್ತಾರೆ. ಪಾಠ ಎಲ್ಲಾ ಇಂಗ್ಲಿಷಲ್ಲಿ, ಮಾತಾಡೋ ಪರೀಕ್ಷೆನೂ ಇರತ್ತೆ. ಹಿಂದಿನ ತಿಂಗಳು ನಿನ್ನ ಹೆಸರು ಹೇಳೋ ಧೈರ್ಯ ನನಗೆ ಇರಲಿಲ್ಲ. ಈಗ ಇದೆ. ಎಮರ್ಜೆನ್ಸಿಗೆ ಬರ್ತೀಯೋ, ತರಬೇತಿಗೆ ಹೋಗ್ತೀಯೋ?"

ಹೋದ ತಿಂಗಳು ಸೂಜಿಯ ಮುಂದಿದ್ದದ್ದು ಬೀದಿ ಕೊನೆಯ ಅಂಗಡಿ ಒಂದೇ. ಈಗ ಎರಡು ದಾರಿ ಬಂದು ನಿಂತಿದ್ದವು, ಎರಡೂ ಅವಳನ್ನೇ ಕೇಳುತ್ತಿದ್ದವು.

"ಮೇಡಂ, ಹೇಳೋಕೆ ಮುಂಚೆ ನಂಗೆ ಕೆಲವು ವಿಷಯ ಗೊತ್ತಾಗಬೇಕು" ಎಂದಳು. "ತರಬೇತಿ ಎಷ್ಟು ಕಾಲ? ಮುಗಿಸಿ ಬಂದ್ಮೇಲೆ ಕಾಯಂ ಆಗತ್ತಾ, ಇಲ್ಲ ಮತ್ತೆ ತಾತ್ಕಾಲಿಕನಾ? ಅಲ್ಲಿ ಉಳ್ಕೊಳ್ಳೋಕೆ ಅವರೇ ಜಾಗ ಕೊಡ್ತಾರಾ? ಮತ್ತೆ, ಆ ಮಾತಾಡೋ ಪರೀಕ್ಷೆ ಎದುರಿಗಾ, ಫೋನಲ್ಲಾ?"

ಮೇಡಂ ಪೆನ್ನು ಕೆಳಗಿಟ್ಟು ಎದುರಿನ ಕುರ್ಚಿ ತೋರಿಸಿದರು. "ಕೂತ್ಕೋ" ಎಂದರು. "ಒಂದೊಂದಾಗಿ ಹೇಳ್ತೀನಿ."

ಸೂಜಿ ಕುರ್ಚಿ ಎಳೆದುಕೊಂಡು ಕೂತಳು.